ಬಿಸಿಲಿಗೆ ಬೋರರ್, ನೆರಳಿಗೆ ತುಕ್ಕು: ಸಣ್ಣ ಕಾಫಿ ತೋಟ ಇವೆರಡರ ನಡುವೆ ಉಳಿಯುವುದು ಹೇಗೆ?

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆಯಿಂದ ಬಂದು ಮುಂಬೈ, ಪುಣೆ, ಚೆನ್ನೈಯಲ್ಲಿ ನೆಲೆಸಿದವರಿಗೆ ಊರಿನ ಫೋನ್ ಬಂದರೆ ಮೊದಲು ಮಳೆಯ ಮಾತು, ಆಮೇಲೆ ರೇಟಿನ ಮಾತು. ಅದಾದ ಮೇಲೆ ದನಿ ತಗ್ಗಿಸಿ ಬರುವ ಮಾತು ಸಾಮಾನ್ಯವಾಗಿ ಒಂದೇ: "ಈ ಸಲ ಬೋರರ್ ಜಾಸ್ತಿ ಇದೆ" ಅಥವಾ "ಎಲೆಯೆಲ್ಲ ತುಕ್ಕು ಹಿಡಿದು ಉದುರಿಹೋಯ್ತು".

ಇವೆರಡೂ ಅರೇಬಿಕಾ ಕಾಫಿಯ ಹಳೆಯ ಶತ್ರುಗಳು. ಒಂದು ಎಲೆಯ ಮೇಲೆ ಬೆಳೆಯುವ ಶಿಲೀಂಧ್ರ, ಇನ್ನೊಂದು ಕಾಂಡದೊಳಗೆ ಸುರಂಗ ಕೊರೆಯುವ ಹುಳು. ಬೇರೆ ಬೇರೆಯಾಗಿ ನೋಡಿದರೆ ಎರಡಕ್ಕೂ ಉಪಾಯಗಳಿವೆ. ಕಷ್ಟ ಇರುವುದು ಎರಡನ್ನೂ ಒಟ್ಟಿಗೆ ನಿಭಾಯಿಸುವುದರಲ್ಲಿ. ತೋಟದಲ್ಲಿ ನೆರಳು ಕಡಿಮೆಯಾದರೆ ಬೋರರ್ ಬರುತ್ತದೆ, ನೆರಳು ಹೆಚ್ಚಾದರೆ ತುಕ್ಕು ಬರುತ್ತದೆ. ಮದ್ದು ಹೊಡೆದು ಗೆಲ್ಲೋಣ ಎಂದರೆ ಲೋಟದಲ್ಲಿನ ಕಾಫಿಯ ರುಚಿ, ಅದನ್ನು ಕೊಳ್ಳುವ ಮಾರುಕಟ್ಟೆಯ ನಿಯಮ ಎರಡೂ ಅಡ್ಡ ಬರುತ್ತವೆ.

ಹಾಗಾದರೆ ಎರಡು ಮೂರು ಎಕರೆ ಇರುವ ಬೆಳೆಗಾರ ಏನು ಮಾಡುತ್ತಾನೆ? ಒಂದು ತೋಟವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಒಂದೇ ತೋಟ, ಎರಡು ಮೂಲೆ

ಮಲೆನಾಡಿನಲ್ಲಿ 3 ಎಕರೆ ಅರೇಬಿಕಾ ತೋಟ ಇದೆ ಎಂದುಕೊಳ್ಳಿ. ಗಿಡಗಳ ನಡುವೆ 6 ಅಡಿ ಅಂತರ, ಅಂದರೆ ಎಕರೆಗೆ ಸುಮಾರು 1,200 ಗಿಡ, ಒಟ್ಟು 3,600. ಮೇಲ್ಭಾಗ ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು. ಅಲ್ಲಿ ಎರಡು ವರ್ಷದ ಹಿಂದೆ ಮಗಳ ಮದುವೆಯ ಖರ್ಚಿಗೆಂದು ಹತ್ತಾರು ಸಿಲ್ವರ್ ಓಕ್ ಮರ ಕಡಿಸಿ ಮಾರಲಾಗಿದೆ. ಕೆಳಭಾಗ ಹಳ್ಳದ ಬದಿ. ಅಲ್ಲಿ ಹಾಲುವಾಣ, ಅತ್ತಿ, ಹಲಸು ಒತ್ತಾಗಿ ಬೆಳೆದು ಮಧ್ಯಾಹ್ನವೂ ಮಬ್ಬುಗತ್ತಲೆ.

ಇಂಥ ತೋಟದಲ್ಲಿ ಏನಾಗುತ್ತದೆ ಎಂದು ಅನುಭವವಿರುವ ಬೆಳೆಗಾರರು ನೋಡದೆಯೇ ಹೇಳುತ್ತಾರೆ. ಮೇಲಿನ ಇಳಿಜಾರಿನಲ್ಲಿ ಗಿಡ ಹಳದಿಯಾಗಿ ಬಾಡುತ್ತದೆ, ಅದು ಬೋರರ್. ಕೆಳಗೆ ಹಳ್ಳದ ಬದಿಯಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಅದು ತುಕ್ಕು. ಏಕೆ ಹೀಗೆ ಎಂದು ತಿಳಿಯಲು ಎರಡರ ಬದುಕನ್ನೂ ಸ್ವಲ್ಪ ನೋಡಬೇಕು.

ಹುಳು ಒಳಗಿದ್ದರೂ ಕಾಣುವುದಿಲ್ಲ

ಬಿಳಿ ಕಾಂಡಕೊರಕ ಎಂಬುದು ಕಪ್ಪು ಮೈಮೇಲೆ ಬಿಳಿ ಪಟ್ಟೆಗಳಿರುವ ಸಣ್ಣ ದುಂಬಿ. ವರ್ಷದಲ್ಲಿ ಎರಡು ಬಾರಿ ಹೊರಗೆ ಹಾರುತ್ತದೆ. ಮೊದಲನೆಯದು ಏಪ್ರಿಲ್‌ನಿಂದ ಜೂನ್, ಎರಡನೆಯದು ಅಕ್ಟೋಬರ್‌ನಿಂದ ಡಿಸೆಂಬರ್. ಬಿಸಿಲು ಚೆನ್ನಾಗಿದ್ದಾಗಲೇ ಅದರ ಓಡಾಟ. ಬಿಸಿಲು ಬೀಳುವ ಗಿಡದ ಮುಖ್ಯ ಕಾಂಡ ಮತ್ತು ದಪ್ಪ ರೆಂಬೆಗಳ ತೊಗಟೆಯ ಬಿರುಕುಗಳಲ್ಲಿ ಹೆಣ್ಣು ದುಂಬಿ ಮೊಟ್ಟೆ ಇಡುತ್ತದೆ.

ಸುಮಾರು ಹತ್ತು ದಿನಕ್ಕೆ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ. ಮೊದಮೊದಲು ತೊಗಟೆಯ ಅಡಿಯಲ್ಲೇ ತಿನ್ನುತ್ತಾ ಸಾಗುತ್ತದೆ, ಆಮೇಲೆ ಗಟ್ಟಿ ಮರದೊಳಗೆ ಇಳಿಯುತ್ತದೆ. ತಿಂದು ಬಿಟ್ಟ ಪುಡಿಯನ್ನು ತನ್ನ ಹಿಂದೆಯೇ ಸುರಂಗದಲ್ಲಿ ಒತ್ತಿ ತುಂಬುತ್ತಾ ಹೋಗುವುದರಿಂದ ಹೊರಗೆ ಹೊಟ್ಟು ಬೀಳುವುದಿಲ್ಲ, ತೂತೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಒಳಗೇ ಇದ್ದು ದುಂಬಿಯಾಗಿ ಹೊರಬಂದಾಗ ಮಾತ್ರ ಕಾಂಡದಲ್ಲಿ ದುಂಡಗಿನ ತೂತು ಕಾಣುತ್ತದೆ. ಆ ಹೊತ್ತಿಗೆ ಹುಳು ಪಕ್ಕದ ಗಿಡಕ್ಕೆ ಹೋಗಿಯಾಗಿರುತ್ತದೆ.

ಹುಳು ಗಟ್ಟಿ ಮರದೊಳಗೆ ಇಳಿದ ಮೇಲೆ ಹೊರಗಿನಿಂದ ಹೊಡೆಯುವ ಯಾವ ಮದ್ದೂ ಅದನ್ನು ಮುಟ್ಟುವುದಿಲ್ಲ. ಇದು ಮುಖ್ಯ. "ಇನ್ನೊಂದು ಸಲ ಮದ್ದು ಹೊಡೆದು ನೋಡೋಣ" ಎಂದು ಬೋರರ್ ಹಿಡಿದ ಗಿಡವನ್ನು ಉಳಿಸಿಕೊಳ್ಳುವುದರಿಂದ ಉಳಿಯುವುದು ಗಿಡವಲ್ಲ, ಹುಳು.

ಒಳಗಿರುವ ಹುಳುವನ್ನು ಪತ್ತೆ ಹಚ್ಚಲು ಇರುವ ಗುರುತು ಕಾಂಡದ ಮೇಲಿನ ಉಬ್ಬು. ತೊಗಟೆಯ ಅಡಿ ಹುಳು ಸಾಗಿದ ದಾರಿಯಲ್ಲಿ ಹಗ್ಗ ಸುತ್ತಿದ ಹಾಗೆ ಏಣು ಏಳುತ್ತದೆ. ಕಾಂಡದ ಮೇಲೆ ಕೈಯಾಡಿಸಿದರೆ ತಿಳಿಯುತ್ತದೆ. ಎಲೆ ಹಳದಿಯಾಗಿ ಜೋತುಬೀಳುವುದು ಇನ್ನೊಂದು ಗುರುತು. ಅನುಮಾನವಿದ್ದರೆ ಉಬ್ಬಿನ ಮೇಲಿನ ತೊಗಟೆಯನ್ನು ಸ್ವಲ್ಪ ಕೆತ್ತಿ ನೋಡಬೇಕು. ನುಣುಪಾದ ಪುಡಿ ತುಂಬಿದ ದಾರಿ ಸಿಕ್ಕರೆ ಅದು ಬೋರರ್.

ರೋಬಸ್ಟಾದಲ್ಲಿ ಈ ಹುಳುವಿನ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದವರ ನಿರ್ಧಾರದ ಹಿಂದೆ ಬೋರರ್ ಇರುವುದು ಅಪರೂಪವಲ್ಲ.

ಹೂ ಬಿಡುವ ಗಿಡವನ್ನು ಕಿತ್ತು ಹಾಕುವ ಕಷ್ಟ

ಬೋರರ್ ನಿಯಂತ್ರಣದಲ್ಲಿ ಬೇರಾವ ಕೆಲಸಕ್ಕಿಂತಲೂ ಫಲ ಕೊಡುವುದು ಇದು: ದುಂಬಿ ಹಾರುವ ಮೊದಲು, ಅಂದರೆ ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಪ್ರತಿ ಗಿಡದ ಕಾಂಡವನ್ನೂ ನೋಡಿ ಹುಳು ಬಿದ್ದ ಗಿಡ ತೆಗೆಯುವುದು.

ಹೇಳಲು ಸುಲಭ, ಮಾಡಲು ಕಷ್ಟ. ಮಾರ್ಚ್ ಎಂದರೆ ಹೂಮಳೆಯ ಕಾಲ. ಉಬ್ಬು ಕಂಡ ಗಿಡವೂ ಮೊಗ್ಗು ತುಂಬಿಕೊಂಡು ನಿಂತಿರುತ್ತದೆ. "ಈ ವರ್ಷದ ಫಸಲು ತಗೊಂಡು ಬಿಡೋಣ, ಮುಂದಿನ ವರ್ಷ ತೆಗೆಯೋಣ" ಎಂದು ಮನಸ್ಸು ಹೇಳುತ್ತದೆ. ತೆಗೆದ ಜಾಗದಲ್ಲಿ ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು ಎಂಬುದೂ ನಿಜ.

ನಮ್ಮ ಉದಾಹರಣೆಯ ತೋಟದಲ್ಲಿ ಮಾರ್ಚ್‌ನಲ್ಲಿ 60 ಗಿಡಕ್ಕೆ ಹುಳು ಸಿಕ್ಕಿತು ಎಂದುಕೊಳ್ಳಿ. 3,600ರಲ್ಲಿ 60 ಎಂದರೆ ನೂರಕ್ಕೆ ಎರಡೂ ಇಲ್ಲ. ಸಣ್ಣ ಲೆಕ್ಕ ಎನಿಸುತ್ತದೆ. ಆದರೆ ಆ ಒಂದೊಂದು ಗಿಡದಿಂದಲೂ ಒಂದು ಹೆಣ್ಣು ದುಂಬಿ ಹೊರಬಂದರೆ, ಒಂದೊಂದೂ ಐವತ್ತು ಮೊಟ್ಟೆ ಇಟ್ಟರೆ, ಅದು 3,000 ಮೊಟ್ಟೆ. ಎಲ್ಲವೂ ಬದುಕುವುದಿಲ್ಲ, ನಿಜ. ನೂರಕ್ಕೆ ಹತ್ತು ಬದುಕಿ ಬೇರೆ ಬೇರೆ ಗಿಡ ಹಿಡಿದರೂ ಮುಂದಿನ ವರ್ಷ 300 ಗಿಡ ತೆಗೆಯಬೇಕಾಗುತ್ತದೆ. ಎಳೆಯ ಗಿಡವಾದರೆ ಒಂದೇ ಹಂಗಾಮಿನಲ್ಲಿ ಸಾಯಬಹುದು. ಹಳೆಯ ಗಿಡ ಕೆಲವು ವರ್ಷ ತಾಳಿಕೊಂಡರೂ ಕೊಡುವ ಹಣ್ಣಿನಲ್ಲಿ ಜೊಳ್ಳೇ ಹೆಚ್ಚು.

ಎಲ್ಲ ಗಿಡವನ್ನೂ ಬುಡಸಮೇತ ಕೀಳಬೇಕಾಗಿಲ್ಲ. ಬುಡದ ಹತ್ತಿರ ಕತ್ತರಿಸಿ ನೋಡಿದಾಗ ಸುರಂಗ ಅಲ್ಲಿಯವರೆಗೆ ಇಳಿದಿಲ್ಲದಿದ್ದರೆ ಬುಡವನ್ನು ಉಳಿಸಿ, ಅದರಿಂದ ಏಳುವ ಚಿಗುರೊಂದನ್ನು ಬೆಳೆಸಿಕೊಳ್ಳಬಹುದು. ಬೇರಿನವರೆಗೆ ಇಳಿದಿದ್ದರೆ ಕಿತ್ತೇ ತೆಗೆಯಬೇಕು.

ಇಲ್ಲಿ ತುಂಬಾ ಜನ ತಪ್ಪುವ ಜಾಗ ಒಂದಿದೆ. ಕಿತ್ತ ಕಾಂಡವನ್ನು ಸೌದೆಗೆಂದು ಕೊಟ್ಟಿಗೆಯ ಪಕ್ಕ ಜೋಡಿಸಿಡುತ್ತಾರೆ. ಗಿಡ ಸತ್ತರೂ ಒಳಗಿನ ಹುಳು ಸತ್ತಿರುವುದಿಲ್ಲ. ಒಣಸೌದೆಯೊಳಗೇ ಬೆಳೆದು, ಏಪ್ರಿಲ್‌ನಲ್ಲಿ ದುಂಬಿಯಾಗಿ ಮತ್ತೆ ತೋಟಕ್ಕೇ ಹಾರುತ್ತದೆ. ಕಿತ್ತ ಕಾಂಡವನ್ನು ತಕ್ಷಣ ಸುಡಬೇಕು. ಸೌದೆಗೆ ಬೇಕೇಬೇಕು ಎಂದರೆ ಒಂದು ವಾರದಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು.

ಉಳಿದ ಗಿಡಕ್ಕೆ ಕಾವಲು

ಹುಳು ಬಿದ್ದ ಗಿಡ ತೆಗೆದ ಮೇಲೆ ಉಳಿದ ಗಿಡಕ್ಕೆ ಮೊಟ್ಟೆ ಬೀಳದಂತೆ ನೋಡಿಕೊಳ್ಳಬೇಕು. ಮೊಟ್ಟೆ ಇಡಲು ದುಂಬಿಗೆ ಬಿರುಕು ಬೇಕು. ಅದಕ್ಕಾಗಿ ತೆಂಗಿನ ನಾರಿನ ಕೈಚೀಲ ಹಾಕಿಕೊಂಡು ಅಥವಾ ತೆಂಗಿನ ಸಿಪ್ಪೆಯಿಂದ ಮುಖ್ಯ ಕಾಂಡ ಮತ್ತು ದಪ್ಪ ರೆಂಬೆಗಳ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುತ್ತಾರೆ. ಕತ್ತಿ ಬಳಸಬಾರದು, ಹಸಿ ತೊಗಟೆಗೆ ಗಾಯವಾದರೆ ಅದೇ ಹೊಸ ಬಿರುಕು.

ಇನ್ನೊಂದು ದಾರಿ ಸುಣ್ಣ. 200 ಲೀಟರ್‌ನ ಒಂದು ಬ್ಯಾರಲ್ ನೀರಿಗೆ 20 ಕಿಲೋ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗೂ ಹೊಡೆಯುತ್ತಾರೆ. ಇದರ ಜೊತೆಗೆ ಹೆಣ್ಣು ದುಂಬಿಯನ್ನು ವಾಸನೆಯಿಂದ ಸೆಳೆಯುವ ಬಲೆಗಳನ್ನು ಎಕರೆಗೆ 10ರಂತೆ ಕಟ್ಟಬಹುದು. ನಮ್ಮ 3 ಎಕರೆಗೆ 30. ಆದರೆ ಹುಳು ತುಂಬಿದ ಗಿಡಗಳನ್ನು ಹಾಗೇ ಬಿಟ್ಟು ಬಲೆ ಮಾತ್ರ ಕಟ್ಟಿದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪಕ್ಕದ ತೋಟದವರು ಏನೂ ಮಾಡದಿದ್ದರೂ ಅಷ್ಟೇ, ದುಂಬಿಗೆ ಬೇಲಿ ಗೊತ್ತಿಲ್ಲ.

ಕಾಂಡಕ್ಕೆ ಕೀಟನಾಶಕ ಹೊಡೆಯುವ ಪದ್ಧತಿಯೂ ಇದೆ. ಹಿಂದೆ ಲಿಂಡೇನ್ ಬಳಸುತ್ತಿದ್ದರು, ಅದು ಈಗ ನಿಷೇಧವಾಗಿದೆ. ಅದರ ನಂತರ ಕ್ಲೋರ್‌ಪೈರಿಫಾಸ್ ಬಂತು. ಐರೋಪ್ಯ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನು ನಿಲ್ಲಿಸಿ, ಆಹಾರದಲ್ಲಿ ಉಳಿಯಬಹುದಾದ ಅಂಶವನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರಲ್ಲೂ ಇಟಲಿ, ಜರ್ಮನಿಯಂಥ ಐರೋಪ್ಯ ದೇಶಗಳು ದೊಡ್ಡ ಗಿರಾಕಿಗಳು.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ದುಂಬಿಯ ಎರಡನೇ ಹಾರಾಟ ಅಕ್ಟೋಬರ್‌ನಿಂದ ಡಿಸೆಂಬರ್. ಅರೇಬಿಕಾ ಹಣ್ಣಾಗುವುದೂ ಅದೇ ಹೊತ್ತಿಗೆ. ಹಣ್ಣು ತುಂಬಿದ ಗಿಡದ ಕಾಂಡಕ್ಕೆ ಆಗ ಮದ್ದು ಹೊಡೆದರೆ ಹಣ್ಣಿನ ಮೇಲೂ ಹನಿ ಬೀಳುತ್ತದೆ. ಹಾಗಾಗಿ ಹುಷಾರಿನ ಬೆಳೆಗಾರರು ಆ ಹಂಗಾಮಿನಲ್ಲಿ ಸೆಪ್ಟೆಂಬರ್‌ನ ತಪಾಸಣೆ, ತೊಗಟೆ ಉಜ್ಜುವುದು ಮತ್ತು ಬಲೆಗಳನ್ನೇ ನಂಬುತ್ತಾರೆ.

ಒಂದು ಹನಿ ನೀರು ಸಾಕು ತುಕ್ಕಿಗೆ

ಈಗ ಹಳ್ಳದ ಬದಿಗೆ ಬರೋಣ. ಎಲೆ ತುಕ್ಕು ಸಣ್ಣ ಹೆಸರಲ್ಲ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡು, ಕೆಲವೇ ದಶಕದಲ್ಲಿ ಅಲ್ಲಿನ ಕಾಫಿ ಉದ್ಯಮವನ್ನೇ ಮುಗಿಸಿ ಆ ದ್ವೀಪವನ್ನು ಚಹಾದ ಕಡೆಗೆ ತಿರುಗಿಸಿದ ರೋಗ ಇದು.

ಮೊದಲು ಎಲೆಯ ಮೇಲ್ಭಾಗದಲ್ಲಿ ತಿಳಿ ಹಳದಿ ಚುಕ್ಕೆ ಕಾಣುತ್ತದೆ. ಎಲೆ ತಿರುವಿದರೆ ಅದೇ ಜಾಗದ ಅಡಿಯಲ್ಲಿ ಕಿತ್ತಳೆ ಪುಡಿ. ಬೆರಳಿನಿಂದ ಉಜ್ಜಿದರೆ ಬೆರಳಿಗೆ ಅಂಟುತ್ತದೆ. ಆ ಪುಡಿಯೇ ರೋಗದ ಬೀಜ. ಅದು ಗಾಳಿಗೆ, ಮಳೆ ಹನಿಗೆ ಹಾರಿ ಇನ್ನೊಂದು ಎಲೆಗೆ ಹೋದರೂ ಒಣ ಎಲೆಯಲ್ಲಿ ಮೊಳೆಯುವುದಿಲ್ಲ. ಎಲೆಯ ಮೇಲೆ ಗಂಟೆಗಟ್ಟಲೆ ನಿಲ್ಲುವ ನೀರಿನ ತೇವ ಬೇಕು, ಹದವಾದ ತಂಪು ಬೇಕು. ಮೊಳೆತ ಮೇಲೆ ಎಲೆಯ ಅಡಿಯಲ್ಲಿರುವ ಉಸಿರಾಟದ ರಂಧ್ರಗಳ ಮೂಲಕ ಒಳಹೊಕ್ಕು, ಮೂರು ನಾಲ್ಕು ವಾರದಲ್ಲಿ ಹೊಸ ಪುಡಿ ಉದುರಿಸುತ್ತದೆ. ಜೂನ್‌ನಲ್ಲಿ ಹತ್ತು ಎಲೆಯಲ್ಲಿದ್ದದ್ದು ಸೆಪ್ಟೆಂಬರ್‌ಗೆ ಇಡೀ ಪಟ್ಟೆಗೆ ಹರಡುವುದು ಹೀಗೆ.

ಒತ್ತು ನೆರಳಿನಲ್ಲಿ ಬೆಳಗಿನ ಮಂಜು, ಮಳೆ ಹನಿ ಬೇಗ ಆರುವುದಿಲ್ಲ. ಹಳ್ಳದ ಬದಿಯಲ್ಲೇ ರೋಗ ಹೆಚ್ಚಲು ಇದೇ ಕಾರಣ. ಗಿಡದ ನಡುವೆ ಬೆಳೆದ ಚಿಗುರು ತೆಗೆದು ಒಳಗೆ ಗಾಳಿ, ಬೆಳಕು ಆಡುವಂತೆ ಮಾಡುವುದು ಮದ್ದಿನಷ್ಟೇ ಮುಖ್ಯ ಎಂದು ಹೇಳುವುದೂ ಇದಕ್ಕೇ.

ಮದ್ದೆಂದರೆ ಇವತ್ತಿಗೂ ಬೋರ್ಡೋ ದ್ರಾವಣವೇ. ಒಂದು ಬ್ಯಾರಲ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಗಿಡಕ್ಕೆ ಅರ್ಧ ಲೀಟರ್ ಎಂದು ಲೆಕ್ಕ ಹಿಡಿದರೆ ಎಕರೆಗೆ 3 ಬ್ಯಾರಲ್. ನಮ್ಮ ತೋಟಕ್ಕೆ ಒಂದು ಸುತ್ತಿಗೆ 9 ಬ್ಯಾರಲ್, ಅಂದರೆ 9 ಕಿಲೋ ಮೈಲುತುತ್ತ.

ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ದ್ರಾವಣ ಹುಳಿಯಾಗೇ ಉಳಿದು ಎಲೆ ಸುಡುತ್ತದೆ. ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹೀಗೆ ಸಿದ್ಧವಾದ ದ್ರಾವಣವನ್ನು ಅದೇ ದಿನ ಮುಗಿಸಬೇಕು.

ಹೊಡೆಯುವ ಕಾಲ ಮಳೆಗಾಲಕ್ಕೆ ಮೊದಲು ಮೇ ಕೊನೆ ಅಥವಾ ಜೂನ್ ಆರಂಭ, ಮತ್ತೆ ಮಳೆ ಇಳಿದ ಮೇಲೆ ಸೆಪ್ಟೆಂಬರ್. ಬೋರ್ಡೋ ಎಂಬುದು ಕಾವಲುಗಾರ, ವೈದ್ಯನಲ್ಲ. ರೋಗದ ಬೀಜ ಮೊಳೆಯುವುದನ್ನು ತಡೆಯುತ್ತದೆಯೇ ಹೊರತು ಆಗಲೇ ಎಲೆಯೊಳಗೆ ಹೊಕ್ಕ ರೋಗವನ್ನು ವಾಸಿ ಮಾಡುವುದಿಲ್ಲ. ಪುಡಿ ಕಂಡ ಮೇಲೆ ಓಡಿಹೋಗಿ ಹೊಡೆದರೆ ಹೊಸ ಎಲೆಗಷ್ಟೇ ರಕ್ಷಣೆ. ರೋಗ ಜೋರಾಗಿದ್ದಲ್ಲಿ ಗಿಡದೊಳಗೆ ಇಳಿಯುವ ಶಿಲೀಂಧ್ರನಾಶಕ ಬೇಕಾಗುತ್ತದೆ. ಅದನ್ನು ಕಾಫಿ ಮಂಡಳಿಯ ಅಧಿಕಾರಿಗಳನ್ನು ಕೇಳಿ, ಕೊಯ್ಲಿಗೆ ಬಿಡಬೇಕಾದ ಅಂತರ ನೋಡಿಕೊಂಡೇ ಬಳಸಬೇಕು.

ಇನ್ನೊಂದು ಸಾಮಾನ್ಯ ತಪ್ಪು, ಮೇಲಿನಿಂದ ಹೊಡೆಯುವುದು. ಎಲೆಯ ಮೇಲ್ಭಾಗ ನೀಲಿಯಾಗಿ ಕಾಣುತ್ತದೆ, ಬೆಳೆಗಾರನಿಗೆ ಸಮಾಧಾನ. ಆದರೆ ರೋಗ ಒಳಹೋಗುವುದು ಅಡಿಯಿಂದ. ಹೊಡೆದ ಮೇಲೆ ಹತ್ತು ಗಿಡದ ಎಲೆ ತಿರುವಿ ನೋಡಿದರೆ ಕೆಲಸ ಸರಿಯಾಯಿತೇ ಎಂದು ಗೊತ್ತಾಗುತ್ತದೆ.

ಎಲೆ ಉದುರಿದರೆ ರುಚಿ ಏಕೆ ಕೆಡುತ್ತದೆ?

ಅರೇಬಿಕಾ ಹೂವಿನಿಂದ ಹಣ್ಣಾಗಲು ಎಂಟು ಒಂಬತ್ತು ತಿಂಗಳು ಬೇಕು. ಅದರಲ್ಲಿ ಮಳೆಗಾಲ ಮತ್ತು ಅದರ ನಂತರದ ವಾರಗಳು ಬೀಜ ತುಂಬುವ ಕಾಲ. ತುಂಬಲು ಬೇಕಾದ ಆಹಾರ ಎಲೆಯಿಂದ ಬರಬೇಕು. ತುಕ್ಕು ಎಲೆ ಉದುರಿಸುವುದೂ ಅದೇ ಹೊತ್ತಿಗೆ. ಬೋಳಾದ ರೆಂಬೆಯಲ್ಲಿ ಕಾಯಿ ಹೊರಗೆ ಅವಧಿಗೆ ಮೊದಲೇ ಕೆಂಪಾಗುತ್ತದೆ, ಒಳಗೆ ಜೊಳ್ಳು. ಬೋರರ್ ಹಿಡಿದ ಗಿಡದಲ್ಲೂ ನೀರು, ಆಹಾರದ ದಾರಿ ತುಂಡಾಗಿ ಇದೇ ಆಗುತ್ತದೆ.

ಪೂರ್ತಿ ಜೊಳ್ಳಾದದ್ದು ನೀರಿಗೆ ಹಾಕಿದಾಗ ತೇಲುತ್ತದೆ. ತೊಂದರೆ ಕೊಡುವುದು ಅರ್ಧ ತುಂಬಿದ್ದು. ಅದು ಮುಳುಗುತ್ತದೆ, ಪಲ್ಪರ್ ದಾಟುತ್ತದೆ, ಒಳ್ಳೆಯ ಬೀಜದ ಜೊತೆಗೇ ಹುರಿಯುವ ಯಂತ್ರಕ್ಕೂ ಹೋಗುತ್ತದೆ. ಹುರಿದಾಗ ಬಣ್ಣ ಹಿಡಿಯುವುದಿಲ್ಲ. ನೀವು ಹುರಿದ ಬೀಜ ಕೊಂಡು ಮನೆಯಲ್ಲೇ ಪುಡಿ ಮಾಡುವವರಾದರೆ ಒಂದು ಹಿಡಿ ತಟ್ಟೆಗೆ ಹಾಕಿ ನೋಡಿ. ಕಂದು ಬೀಜಗಳ ನಡುವೆ ಪೇಲವವಾಗಿ, ಕಡಲೆಕಾಯಿ ಬಣ್ಣದಲ್ಲಿ ಉಳಿದವು ಕಂಡರೆ ಅವು ಇಂಥವು. ಕೆಲವೇ ಇದ್ದರೂ ಲೋಟದಲ್ಲಿ ಕಾಗದದಂಥ ಚಪ್ಪೆ ರುಚಿ, ಕೊನೆಯಲ್ಲಿ ಒಗರು.

ಹಾಗಾಗಿ ಗುಣಮಟ್ಟ ಕಾಯುವ ಬೆಳೆಗಾರ ಕೊಯ್ಲಿನಲ್ಲೂ ಎರಡು ಕೆಲಸ ಮಾಡುತ್ತಾನೆ. ರೋಗದಿಂದ ಎಲೆ ಉದುರಿದ ರೆಂಬೆಗಳ ಹಣ್ಣನ್ನು ಬೇರೆ ಚೀಲಕ್ಕೆ ಕೊಯ್ಯಿಸುತ್ತಾನೆ. ಉಳಿದದ್ದನ್ನು ಪಲ್ಪರ್‌ಗೆ ಹಾಕುವ ಮೊದಲು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯುತ್ತಾನೆ. ಬೇರೆ ಮಾಡಿದ್ದು ಹಾಳಾಗುವುದಿಲ್ಲ, ಚೆರ್ರಿಯಾಗಿ ಒಣಗಿ ಕಡಿಮೆ ದರಕ್ಕೆ ಹೋಗುತ್ತದೆ. ಆದರೆ ಪಾರ್ಚ್‌ಮೆಂಟ್ ಉಳಿಯುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಪ್ರತಿ ಪಟ್ಟೆಯಿಂದ 100 ಹಣ್ಣು ಬಕೆಟ್ ನೀರಿಗೆ ಹಾಕಿ ಎಷ್ಟು ತೇಲಿತು ಎಂದು ಬರೆದಿಟ್ಟರೆ, ಮುಂದಿನ ವರ್ಷ ಯಾವ ಮೂಲೆಯ ಕಡೆ ಮೊದಲು ಗಮನ ಕೊಡಬೇಕು ಎಂಬುದಕ್ಕೆ ಅದೇ ಲೆಕ್ಕಪುಸ್ತಕ.

ತಳಿ ಬದಲಿಸಿದರೆ ಸಾಕೇ?

"ರೋಗ ತಡೆಯುವ ತಳಿ ಹಾಕಿಬಿಡಿ" ಎಂಬ ಸಲಹೆ ಸುಲಭ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದಲೂ ಇದೇ ಕೆಲಸದಲ್ಲಿದೆ. ತುಕ್ಕಿನಲ್ಲಿ ಬೇರೆ ಬೇರೆ ಪ್ರಭೇದಗಳಿವೆ, ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ ಎಂದು 1930ರ ದಶಕದಲ್ಲಿ ಡಬ್ಲ್ಯೂ. ಡಬ್ಲ್ಯೂ. ಮೇನ್ ತೋರಿಸಿದ್ದೂ ಅಲ್ಲೇ. 1940ರ ದಶಕದಲ್ಲಿ ಬಂದ ಎಸ್.795 ರುಚಿಗೆ ಇಂದಿಗೂ ಹೆಸರುವಾಸಿ. ಆದರೆ ಅದರ ರೋಗ ತಡೆಯುವ ಶಕ್ತಿ ಕಾಲಕ್ರಮೇಣ ಕುಗ್ಗಿದೆ, ತುಕ್ಕು ಹೊಸ ಪ್ರಭೇದಗಳಾಗಿ ಬದಲಾಗಿದೆ. 2007ರಲ್ಲಿ ಬಂದ ಚಂದ್ರಗಿರಿ ತುಕ್ಕನ್ನು ಹೆಚ್ಚು ತಾಳುತ್ತದೆ, ಬೀಜವೂ ದಪ್ಪ. ಬೋರರ್‌ಗೆ ಮಾತ್ರ ತಳಿಯಲ್ಲಿ ಪೂರ್ತಿ ಪರಿಹಾರ ಸಿಕ್ಕಿಲ್ಲ.

ಬೋರರ್‌ನಿಂದ ಖಾಲಿಯಾದ 60 ಗುಂಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಚಂದ್ರಗಿರಿ ನೆಟ್ಟರೆ, ಗಿಡ್ಡ ಜಾತಿಯ ಅದು ಎತ್ತರದ ಎಸ್.795 ನಡುವೆ ಸೊರಗುತ್ತದೆ. ಕೊಯ್ಲಿನಲ್ಲಿ ಎರಡೂ ಬೆರೆತು ಲಾಟಿನ ರುಚಿಗೂ ಒಂದು ಹದ ಇರುವುದಿಲ್ಲ. ಹೊಸ ತಳಿ ಬೇಕಿದ್ದರೆ ಒಂದು ಪಟ್ಟೆಯನ್ನೇ ಅದಕ್ಕೆ ಬಿಟ್ಟು, ಬೇರೆಯಾಗಿ ಕೊಯ್ದು, ಬೇರೆಯಾಗಿ ಒಣಗಿಸುವುದು ಮೇಲು.

ಕೊನೆಗೂ ಮಾತು ನೆರಳಿನದೇ

ನಮ್ಮ ತೋಟದ ಎರಡೂ ಮೂಲೆಗೆ ಪರಿಹಾರ ಒಂದೇ ಕೆಲಸದಲ್ಲಿದೆ, ಅದು ಮರಗಸಿ. ಇಡೀ ತೋಟಕ್ಕೆ ಒಂದೇ ಅಳತೆಯ ಮರಗಸಿ ಮಾಡಿಸುವುದೇ ತಪ್ಪು. ಹಳ್ಳದ ಬದಿಯ ಹಾಲುವಾಣದ ಕೊಂಬೆಗಳನ್ನು ಮಳೆಗಾಲದ ಬಾಗಿಲಲ್ಲಿ ಕಡಿಸಿದರೆ ಮಳೆಯ ತಿಂಗಳುಗಳಲ್ಲಿ ಬೆಳಕು, ಗಾಳಿ ಸಿಗುತ್ತದೆ. ಬೇಸಿಗೆ ಬರುವಷ್ಟರಲ್ಲಿ ಮತ್ತೆ ಎಲೆ ತುಂಬಿಕೊಳ್ಳುತ್ತದೆ. ಅದೇ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿಬಿಟ್ಟರೆ ದುಂಬಿ ಹಾರುವ ಬಿಸಿಲಲ್ಲಿ ಕಾಂಡ ಬೆತ್ತಲಾಗುತ್ತದೆ.

ಮೇಲಿನ ಇಳಿಜಾರಿನಲ್ಲಿ ಈ ವರ್ಷ ಮರಗಸಿಯೇ ಬೇಡ. ಪಶ್ಚಿಮದ ಬಿಸಿಲು ತಡೆಯಲು ಹಾಲುವಾಣದ ಗೂಟ ನೆಟ್ಟರೆ ಬೇಗ ನೆರಳು ಬರುತ್ತದೆ, ಅದರ ಆಸರೆಯಲ್ಲಿ ಕಾಡುಮರಗಳು ಮೇಲೇಳಲಿ. ಅಲ್ಲಿಯವರೆಗೆ ಮಾರ್ಚ್, ಸೆಪ್ಟೆಂಬರ್ ಬಂದಾಗ ಕಾಂಡದ ಮೇಲೆ ಕೈಯಾಡಿಸುವ ಕೆಲಸ ಆ ಪಟ್ಟೆಯಿಂದಲೇ ಶುರುವಾಗಬೇಕು.

ಊರಿನ ತೋಟದಲ್ಲಿ ಮರ ಮಾರುವ ಮಾತು ಬಂದಾಗ ಫೋನಿನಲ್ಲಿ ನೀವು ಕೇಳಬಹುದಾದ ಪ್ರಶ್ನೆಯೂ ಅದೇ: ಕಡಿಯುವ ಮರ ಯಾವ ದಿಕ್ಕಿನದು? ಪಶ್ಚಿಮದ್ದಾದರೆ, ಮರದ ಹಣ ಕೈಸೇರಿದ ಎರಡನೇ ವರ್ಷ ಅದರ ಕೆಳಗಿನ ಕಾಫಿ ಗಿಡಗಳನ್ನು ಎಣಿಸಿ ನೋಡಬೇಕಾಗಬಹುದು.